ಮೊಲದ ಕಿವಿ ಯಾಕೆ ಕರ್ಚೀಫಿನ ಹಾಗೆ ಹಾರುತ್ತದೆ? ಕಿವಿ, ಜಡೆ, ಲಂಗಕ್ಕೆ ಡ್ರ್ಯಾಗ್ ಮತ್ತು ಓವರ್‌ಲ್ಯಾಪ್ ಕೊಡುವ ಬಗೆ

ನಾನು ಮೊದಲು ಅನಿಮೇಟ್ ಮಾಡಿದ ಮೊಲ ಕುಪ್ಪಳಿಸುತ್ತಿತ್ತು. ಮೇಲೆ ಹೋಗುವಾಗ ಕಿವಿ ಪೂರ್ತಿ ಕೆಳಗೆ, ಕೆಳಗೆ ಬರುವಾಗ ಕಿವಿ ಪೂರ್ತಿ ಮೇಲೆ. ಡ್ರ್ಯಾಗ್ ಅಂದರೆ ಇಷ್ಟೇ ಅಲ್ವಾ ಅಂದುಕೊಂಡಿದ್ದೆ. ಹಿರಿಯ ಅನಿಮೇಟರ್ ಒಬ್ಬರು ಎರಡು ಸಲ ಓಡಿಸಿ ನೋಡಿ, "ಮೊಲ ಚೆನ್ನಾಗಿದೆ. ತಲೆ ಮೇಲೆ ಯಾಕೆ ಎರಡು ಕರ್ಚೀಫು ಕಟ್ಟಿದ್ದೀಯ?" ಅಂದರು. ತಪ್ಪು ಎಲ್ಲಿದೆ ಅಂತ ಅರ್ಥವಾಗಲು ನನಗೆ ಬಹಳ ದಿನ ಬೇಕಾಯಿತು.

ತಪ್ಪು ಇಷ್ಟೇ. ನಾನು ತಲೆ ಯಾವ ಕಡೆ ಹೋಗುತ್ತಿದೆ ಅಂತ ನೋಡಿ ಕಿವಿ ಬಗ್ಗಿಸುತ್ತಿದ್ದೆ. ನೋಡಬೇಕಾದ್ದು ತಲೆಯ ವೇಗ ಯಾವಾಗ ಬದಲಾಗುತ್ತದೆ ಅನ್ನುವುದನ್ನು.

ಬಸ್ಸಿನಲ್ಲಿ ನಿಂತವರನ್ನು ನೆನಪಿಸಿಕೊಳ್ಳಿ. ಬಸ್ಸು ಹೊರಟಾಗ ಹಿಂದಕ್ಕೆ ವಾಲುತ್ತಾರೆ. ಬ್ರೇಕ್ ಹಾಕಿದಾಗ ಮುಂದಕ್ಕೆ ಮುಗ್ಗರಿಸುತ್ತಾರೆ. ನಡುವೆ ಬಸ್ಸು ಒಂದೇ ವೇಗದಲ್ಲಿ ಓಡುವಾಗ ನೆಟ್ಟಗೇ ನಿಂತಿರುತ್ತಾರೆ. ಕಿವಿ, ಜಡೆ, ಬಾಲ ಎಲ್ಲವೂ ಆ ಪ್ರಯಾಣಿಕರೇ. ಬುಡ ಹೊರಟಾಗ ತುದಿ ಹಿಂದೆ ಉಳಿಯುವುದು ಡ್ರ್ಯಾಗ್. ಬುಡ ನಿಂತ ಮೇಲೂ ತುದಿ ಮುಂದೆ ಹೋಗುವುದು ಫಾಲೋ ಥ್ರೂ. ಒಂದೊಂದು ಭಾಗ ಒಂದೊಂದು ಹೊತ್ತಿಗೆ ಹೊರಟು, ಒಂದೊಂದು ಹೊತ್ತಿಗೆ ನಿಲ್ಲುವುದು ಓವರ್‌ಲ್ಯಾಪ್. ಕರ್ಚೀಫು ಮಾತ್ರ ಬೇರೆ ಜಾತಿ. ಅದಕ್ಕೆ ತೂಕವೇ ಇಲ್ಲ, ಗಾಳಿ ತಳ್ಳಿದ ಕಡೆ ಹೋಗುತ್ತದೆ. ಹಾಗಾಗಿ ಅದು ಚಲನೆಯ ಉದ್ದಕ್ಕೂ ಹಿಂದೆಯೇ ತೇಲುತ್ತದೆ. ನನ್ನ ಮೊಲದ ಕಿವಿಗೆ ಆಗಿದ್ದು ಅದೇ.

ಹೆಸರಿನ ಗೊಂದಲವೊಂದನ್ನು ಇಲ್ಲೇ ಮುಗಿಸಿಬಿಡೋಣ. ಡಿಸ್ನಿಯ 12 ತತ್ವಗಳ ಪಟ್ಟಿಯಲ್ಲಿ ಸೆಕೆಂಡರಿ ಆ್ಯಕ್ಷನ್ ಅಂತ ಒಂದಿದೆ. ಮಾತಾಡುತ್ತಾ ಪಾತ್ರ ತಲೆ ಕೆರೆದುಕೊಂಡರೆ ಅದು ಸೆಕೆಂಡರಿ ಆ್ಯಕ್ಷನ್, ಅದನ್ನು ಪಾತ್ರವೇ ಮಾಡುತ್ತದೆ. ನಾವು ಇಲ್ಲಿ ಮಾಡುವುದು ಸೆಕೆಂಡರಿ ಮೋಷನ್, ಪಾತ್ರಕ್ಕೆ ಗೊತ್ತಿಲ್ಲದೆ ತಾನಾಗಿ ಆಗುವುದು.

ಉದಾಹರಣೆಗೆ ಅದೇ ಮೊಲವನ್ನು ತೆಗೆದುಕೊಳ್ಳೋಣ. ನಿಂತಲ್ಲೇ ಒಂದು ಸಲ ಕುಪ್ಪಳಿಸುತ್ತದೆ, ಅಷ್ಟೇ. ಕಿವಿ ಸ್ವಲ್ಪ ಹಿಂದಕ್ಕೆ ವಾಲಿವೆ. ಪ್ರತಿ ಕಿವಿಗೆ ನಾಲ್ಕು ಬೋನ್, ಬುಡದಿಂದ ತುದಿಗೆ `ear.L.01` ರಿಂದ `ear.L.04` ವರೆಗೆ. ನಾನು ಬ್ಲೆಂಡರ್‌ನ ಮಾತಲ್ಲಿ ಹೇಳುತ್ತೇನೆ. ಬೇರೆ ಸಾಫ್ಟ್‌ವೇರ್‌ನಲ್ಲಿ ಗುಂಡಿ ಬದಲಾಗಬಹುದು, ಕೆಲಸ ಬದಲಾಗುವುದಿಲ್ಲ.

ಮೊದಲು ಕಿವಿ ಮರೆತುಬಿಡಿ

ಕಿವಿಯ ಬೋನ್‌ಗಳನ್ನು ಅಡಗಿಸಿಟ್ಟು ಮೈ ಮುಗಿಸಿ. ಇದರಲ್ಲಿ ರಾಜಿ ಬೇಡ. ಕಿವಿ ಚಲಿಸುವುದು ಮೈಯಿಂದ. ಆಮೇಲೆ ಮೈಯ ಟೈಮಿಂಗ್ ಎರಡು ಫ್ರೇಮ್ ಬದಲಾದರೂ ಕಿವಿಯ ಕೆಲಸ ಮತ್ತೆ ಮೊದಲಿಂದ. ಕಿವಿ ಕುಣಿದಾಡಿದರೆ ಮೈಯ ತಪ್ಪು ಮುಚ್ಚಿಹೋಗುತ್ತದೆ ಅಂತಲೂ ಕೆಲವರು ನಂಬಿದ್ದಾರೆ. ಮುಚ್ಚುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ.

ಸೆಕೆಂಡಿಗೆ 24 ಫ್ರೇಮ್‌ನಲ್ಲಿ ನಮ್ಮ ಮೊಲದ ಮೈ ಹೀಗಿದೆ. 1ರಲ್ಲಿ ನಿಂತಿದೆ. 7ರಲ್ಲಿ ಪೂರ್ತಿ ಕುಸಿದು ಕೂತಿದೆ. 11ರಲ್ಲಿ ಕಾಲು ನೆಲ ಬಿಡುತ್ತದೆ. 17ರಲ್ಲಿ ಎತ್ತರದ ತುದಿ. 23ರಲ್ಲಿ ಕಾಲು ನೆಲ ಮುಟ್ಟುತ್ತದೆ. 27ರಲ್ಲಿ ಮತ್ತೆ ಕುಸಿತ. 34ರಲ್ಲಿ ಎದ್ದು ನಿಂತಿದೆ. ಗಾಳಿಯಲ್ಲಿ ಇದ್ದದ್ದು 12 ಫ್ರೇಮ್, ಅಂದರೆ ಅರ್ಧ ಸೆಕೆಂಡು. ಅರ್ಧ ಸೆಕೆಂಡಿನಲ್ಲಿ ಹತ್ತಿ ಇಳಿಯಬಹುದಾದ ಎತ್ತರ ಸುಮಾರು 30 ಸೆಂಟಿಮೀಟರ್. ಮೊಲಕ್ಕೆ ಸರಿಹೋಗುತ್ತದೆ. ನೀವು ಒಂದು ಮೀಟರ್ ಹಾರಿಸಿ ಇದೇ 12 ಫ್ರೇಮ್ ಇಟ್ಟರೆ ಮೈ ತೂಕ ಕಳೆದುಕೊಳ್ಳುತ್ತದೆ. ಆಗ ಕಿವಿ ಏನು ಮಾಡಿದರೂ ಸುಳ್ಳಾಗಿ ಕಾಣುತ್ತದೆ.

ವೇಗ ಬದಲಾಗುವ ಜಾಗ ಗುರುತು ಹಾಕಿಕೊಳ್ಳಿ

ಈಗ ತಲೆಯನ್ನು ಮಾತ್ರ ನೋಡುತ್ತಾ ನಿಧಾನಕ್ಕೆ ಫ್ರೇಮ್ ಸರಿಸಿ. ಪ್ರತಿ ಹಂತದಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ. ತಲೆಯನ್ನು ಈಗ ಯಾವ ಕಡೆಗೆ ತಳ್ಳಲಾಗುತ್ತಿದೆ? ಕಿವಿ ಅದರ ಎದುರು ದಿಕ್ಕಿಗೆ ಬಗ್ಗುತ್ತದೆ.

1ರಿಂದ 4: ತಲೆ ತಟ್ಟನೆ ಕೆಳಗೆ ಹೊರಡುತ್ತದೆ. ಕಿವಿಯ ತುದಿ ಇದ್ದಲ್ಲೇ ಉಳಿಯುತ್ತದೆ. ಹಾಗಾಗಿ ಕಿವಿ ಸ್ವಲ್ಪ ನೆಟ್ಟಗಾದ ಹಾಗೆ ಕಾಣಬೇಕು.

5ರಿಂದ 11: ಮೊದಲು ಕುಸಿತ ನಿಲ್ಲುತ್ತದೆ, ಆಮೇಲೆ ಕಾಲು ಮೈಯನ್ನು ಮೇಲಕ್ಕೆ ಒದೆಯುತ್ತದೆ. ಎರಡರಲ್ಲೂ ತಳ್ಳು ಮೇಲಕ್ಕೇ. ಕಿವಿ ಹಿಂದಕ್ಕೆ, ಕೆಳಕ್ಕೆ ಒತ್ತಿಕೊಳ್ಳುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ. 7ಕ್ಕೆ ಮುಂಚೆ ತಲೆ ಇಳಿಯುತ್ತಿದೆ, 7ರ ನಂತರ ಏರುತ್ತಿದೆ. ದಿಕ್ಕು ಬದಲಾಯಿತು, ಕಿವಿಯ ಬಾಗು ಬದಲಾಗಲಿಲ್ಲ.

11ರಿಂದ 23: ನಾನು ಎಡವಿದ್ದು ಇಲ್ಲೇ. ಕಾಲು ನೆಲ ಬಿಟ್ಟ ಕ್ಷಣವೇ ತಳ್ಳು ಮುಗಿಯಿತು. ಈಗ ಮೈ, ತಲೆ, ಕಿವಿ ಎಲ್ಲವನ್ನೂ ಭೂಮಿ ಒಂದೇ ಸಮ ಎಳೆಯುತ್ತಿದೆ. ಕಿವಿಯನ್ನು ಒತ್ತಿ ಹಿಡಿಯಲು ಯಾವುದೂ ಇಲ್ಲ. ಒತ್ತಿಟ್ಟ ಸ್ಪ್ರಿಂಗ್ ಬಿಟ್ಟ ಹಾಗೆ ಕಿವಿ ಮೇಲೇಳುತ್ತದೆ. ಮೊಲ ಇನ್ನೂ ಏರುತ್ತಿರುವಾಗಲೇ ಮೇಲೇಳಬೇಕು. ನಿಂತಾಗ ತನ್ನ ತೂಕಕ್ಕೆ ಜೋತಿದ್ದ ಕಿವಿಗೆ ಈಗ ಆ ತೂಕವೂ ಇಲ್ಲ. ಆದ್ದರಿಂದ ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ನೆಟ್ಟಗಾಗಿ ತೇಲುತ್ತದೆ. ಇಳಿಯುವಾಗ ಗಾಳಿಯೂ ಕೆಳಗಿಂದ ಒಂಚೂರು ಎತ್ತಿಕೊಡುತ್ತದೆ.

23ರಿಂದ 30: ನೆಲ ಮುಟ್ಟಿತು. ಇಡೀ ದೃಶ್ಯದಲ್ಲಿ ಇದೇ ದೊಡ್ಡ ತಳ್ಳು. ಕಿವಿ ರಪ್ಪನೆ ಕೆಳಗೆ ಬೀಳುತ್ತದೆ. ಆಮೇಲೆ ತಲೆ ಎದ್ದು ನಿಲ್ಲುವಾಗ, 34ರ ಸುಮಾರಿಗೆ, ಕಿವಿ ಮತ್ತೆ ಮೇಲಕ್ಕೆ ಚಿಮ್ಮಿ, ಹಿಂದೆ ಮುಂದೆ ಓಲಾಡಿ ಸುಮ್ಮನಾಗುತ್ತದೆ.

ಕೀ ಹಾಕುವುದು

ಕಿವಿಯ ಬೋನ್‌ಗಳ ರೊಟೇಷನ್ ಮೋಡ್ ಅನ್ನು `XYZ Euler` ಮಾಡಿಕೊಳ್ಳಿ. ಬ್ಲೆಂಡರ್ ತಾನಾಗಿ ಕೊಡುವ ಕ್ವಾಟರ್ನಿಯನ್‌ನಲ್ಲಿ ನಾಲ್ಕು ಕರ್ವ್ ಬರುತ್ತವೆ, ಯಾವುದನ್ನು ನೋಡಿದರೂ ಕಿವಿ ಎಷ್ಟು ಬಗ್ಗಿದೆ ಅಂತ ಗೊತ್ತಾಗುವುದಿಲ್ಲ. ಆಯ್ಲರ್‌ನಲ್ಲಿ ಒಂದು `X` ಕರ್ವ್ ನೋಡಿದರೆ ಸಾಕು. ನಾಲ್ಕೂ ಬೋನ್‌ಗಳ ರೋಲ್ ಒಂದೇ ಆಗಿರಲಿ. ಇಲ್ಲದಿದ್ದರೆ ಒಂದು ಬೋನ್ ಹಿಂದಕ್ಕೆ ಬಗ್ಗಿದಾಗ ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ಎಡಿಟ್ ಮೋಡ್‌ನಲ್ಲಿ ನಾಲ್ಕನ್ನೂ ಆರಿಸಿ `Shift N` ಒತ್ತಿ ಸರಿಮಾಡಬಹುದು. ಇದನ್ನು ಕೀ ಹಾಕುವ ಮೊದಲೇ ಮಾಡಿ.

ಈಗ ಪೋಸ್ ಮೋಡ್‌ನಲ್ಲಿ ನಾಲ್ಕೂ ಬೋನ್ ಆರಿಸಿ. ಪಿವಟ್ `Individual Origins`, ಓರಿಯಂಟೇಷನ್ `Local`. `R` `X` ಒತ್ತಿ ತಿರುಗಿಸಿದರೆ ನಾಲ್ಕೂ ಒಟ್ಟಿಗೆ ಸುರುಳಿಯಾಗಿ ಬಗ್ಗುತ್ತವೆ. ನಾಲ್ಕಕ್ಕೂ ಒಂದೇ ಬೆಲೆ, ಒಂದೇ ಫ್ರೇಮ್. ಓವರ್‌ಲ್ಯಾಪ್ ಬಗ್ಗೆ ಈಗ ಯೋಚನೆ ಬೇಡ.

```
ಫ್ರೇಮ್   X (ಡಿಗ್ರಿ)
 1      0
 5     +4
10    -10
16     +6
23     +7
27    -14
34     +8
40     -4
46     +2
52      0
```

ಪ್ಲಸ್ ಅಂದರೆ ಕಿವಿ ನೆಟ್ಟಗೇಳುವ ಕಡೆ, ಮೈನಸ್ ಅಂದರೆ ಹಿಂದಕ್ಕೆ ಬೀಳುವ ಕಡೆ. ನಿಮ್ಮ ರಿಗ್‌ನಲ್ಲಿ ಇದು ತಿರುಗುಮುರುಗು ಇರಬಹುದು. ಅಂಕಿಗಳು ಚಿಕ್ಕದು ಅನ್ನಿಸಿದರೆ ನೆನಪಿಡಿ, ನಾಲ್ಕು ಬೋನ್ ಒಂದರ ಮೇಲೊಂದು ಕೂತಿವೆ. ಬುಡ 14 ಡಿಗ್ರಿ ಬಗ್ಗಿದರೆ ತುದಿಯ ಹೊತ್ತಿಗೆ ಅದು 56 ಆಗುತ್ತದೆ.

16 ಮತ್ತು 23ರ ಬೆಲೆ ಹೆಚ್ಚುಕಮ್ಮಿ ಒಂದೇ ಇದೆ, ನೋಡಿ. ಗಾಳಿಯಲ್ಲಿ ತೇಲುವ ಹೊತ್ತು ಅದು. ಅಲ್ಲಿ ಕಿವಿಗೆ ಜಾಸ್ತಿ ಕೆಲಸ ಕೊಡಬೇಡಿ. ಆ ನಿಶ್ಶಬ್ದ ಇದ್ದರೇನೇ 23ರ ಏಟು ಜೋರಾಗಿ ಕಾಣುವುದು. 34ರ ನಂತರ ಪ್ರತಿ ಓಲಾಟ ಹಿಂದಿನದರ ಅರ್ಧಕ್ಕೆ ಇಳಿದಿದೆ, ಆದರೆ ನಡುವಿನ ಸಮಯ ಅದೇ 6 ಫ್ರೇಮ್. ತೂಗುವ ವಸ್ತುವಿನ ಗುಣವೇ ಅದು. ಓಲಾಟ ಚಿಕ್ಕದಾಗುತ್ತದೆ, ಬೇಗ ಬೇಗ ಆಗುವುದಿಲ್ಲ. ಕೊನೆಗೆ ಬರುತ್ತಾ ಸಮಯವನ್ನೂ ಕುಗ್ಗಿಸಿದರೆ ಕಿವಿ ನಡುಗಿದ ಹಾಗೆ ಕಾಣುತ್ತದೆ.

ಸರಿಸುವುದು: ಓವರ್‌ಲ್ಯಾಪ್ ಹುಟ್ಟುವುದು ಇಲ್ಲೇ

`Graph Editor` ತೆರೆಯಿರಿ. ಬುಡದ ಬೋನ್ ಮುಟ್ಟಬೇಡಿ. ಎರಡನೆಯದರ ಎಲ್ಲಾ ಕೀ ಆರಿಸಿ `G` `X` `1`, ಒಂದು ಫ್ರೇಮ್ ಹಿಂದೆ ಬೀಳುತ್ತದೆ. ಮೂರನೆಯದಕ್ಕೆ 3. ನಾಲ್ಕನೆಯದಕ್ಕೆ 5.

ಎಲ್ಲಕ್ಕೂ ಸಮನಾಗಿ ಎರಡೆರಡು ಯಾಕಲ್ಲ? ಮೊಲದ ಕಿವಿಯ ಬುಡ ಗಟ್ಟಿ ಮೃದ್ವಸ್ಥಿ. ನಮ್ಮ ಕಿವಿಯನ್ನೇ ಮುಟ್ಟಿ ನೋಡಿ, ಬುಡಕ್ಕೂ ಹಾಲೆಗೂ ಎಷ್ಟು ವ್ಯತ್ಯಾಸ ಇದೆ ಅಂತ. ಗಟ್ಟಿ ಭಾಗ ತಲೆಯ ಜೊತೆಗೇ ಹೋಗುತ್ತದೆ, ತೆಳು ಭಾಗ ತಡಮಾಡುತ್ತದೆ. ಅದೇ ಕಾರಣಕ್ಕೆ ತುದಿಯ ಎರಡು ಬೋನ್‌ಗಳ ಬಾಗನ್ನೂ ಹೆಚ್ಚಿಸಬೇಕು. 2D ಕರ್ಸರನ್ನು ಸೊನ್ನೆಯ ಗೆರೆ ಮೇಲಿಟ್ಟು, ಪಿವಟ್ ಅನ್ನು `2D Cursor` ಮಾಡಿ, ಮೂರನೆಯದಕ್ಕೆ `S` `Y` `1.3`, ನಾಲ್ಕನೆಯದಕ್ಕೆ `S` `Y` `1.5`.

ಎಷ್ಟು ಸರಿಸಬಹುದು ಅನ್ನುವುದಕ್ಕೆ ಮಿತಿ ಇದೆ. ನಮ್ಮ ಕಿವಿಯ ಒಂದು ಪೂರ್ತಿ ಓಲಾಟ, 34ರಿಂದ 46, ಅಂದರೆ 12 ಫ್ರೇಮ್. ಬುಡಕ್ಕೂ ತುದಿಗೂ ನಡುವಿನ ಒಟ್ಟು ತಡ ಇದರ ಕಾಲು ಭಾಗದಿಂದ ಅರ್ಧದೊಳಗೆ ಇರಬೇಕು. 3ಕ್ಕಿಂತ ಕಮ್ಮಿಯಾದರೆ ಕಿವಿ ಸ್ಕೇಲ್ ಕಡ್ಡಿ. 6 ದಾಟಿದರೆ ಬುಡ ಎರಡನೇ ಓಲಾಟ ಶುರುಮಾಡಿದಾಗ ತುದಿ ಇನ್ನೂ ಮೊದಲನೆಯದರಲ್ಲೇ ಇರುತ್ತದೆ, ಕಿವಿಯೊಳಗೆ ಎರಡು ಮೂರು ಬಳುಕು ಒಟ್ಟಿಗೆ ಕಾಣುತ್ತವೆ. ನಾನು ಒಂದು ಸಲ ಮೂರು ಮೂರು ಫ್ರೇಮ್ ಸರಿಸಿದ್ದೆ, ಒಟ್ಟು 9. ಕಿವಿ ಹೋಗಿ ಹಾವುಮೀನು ಆಯಿತು.

ಬಲಗಿವಿಗೆ ಇದನ್ನೇ ನಕಲು ಮಾಡಿ, ಇಡೀ ಗುಂಪನ್ನು ಇನ್ನೂ ಒಂದು ಫ್ರೇಮ್ ತಡಮಾಡಿ, ಬಾಗನ್ನು ಸುಮಾರು 85 ಪರ್ಸೆಂಟಿಗೆ ಇಳಿಸಿ. ಎರಡೂ ಕಿವಿ ಕವಾಯತು ಮಾಡಿದ ಹಾಗೆ ಒಟ್ಟಿಗೆ ಎದ್ದು ಕೂರುವುದು ತಪ್ಪುತ್ತದೆ.

ಓಟ, ನಡಿಗೆಯಂಥ ಸುತ್ತುವ ಅನಿಮೇಷನ್ ಆದರೆ ಒಂದು ಎಚ್ಚರ. ಸರಿಸುವ ಮೊದಲು ಕರ್ವ್‌ಗೆ `Cycles` ಮಾಡಿಫೈಯರ್ ಹಾಕಿ. ಇಲ್ಲದಿದ್ದರೆ ಸರಿಸಿದಷ್ಟು ಫ್ರೇಮ್ ಮೊದಲಲ್ಲಿ ಖಾಲಿ ಉಳಿದು, ಪ್ರತಿ ಸುತ್ತಿಗೂ ಕಿವಿ ಒಮ್ಮೆ ಗಕ್ಕೆಂದು ನಿಲ್ಲುತ್ತದೆ.

ಸರಿ ಬಂತಾ ಅಂತ ನೋಡುವುದು

ಪ್ಲೇ ಒತ್ತಿ ಸುಮ್ನೆ ನೋಡುತ್ತಾ ಕೂತರೆ ಗೊತ್ತಾಗುವುದಿಲ್ಲ. ಎರಡೇ ಫ್ರೇಮಿನ ತಪ್ಪು ಕಣ್ಣಿಗೆ ಸಿಗುವುದಿಲ್ಲ, ಏನೋ ಸರಿಯಿಲ್ಲ ಅಂತ ಮಾತ್ರ ಅನ್ನಿಸುತ್ತದೆ. ನನ್ನ ವಿಧಾನ ಹಳೆಯದು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮಾನಿಟರ್ ಮೇಲೆ ಅಂಟಿಸಿ, ಕಿವಿಯ ತುದಿ ಇರುವಲ್ಲಿ ಮಾರ್ಕರ್‌ನಿಂದ ಪ್ರತಿ ಫ್ರೇಮಿಗೂ ಒಂದು ಚುಕ್ಕಿ ಇಡುತ್ತೇನೆ. ಬ್ಲೆಂಡರ್‌ನ `Motion Paths` ಇದನ್ನೇ ತಾನಾಗಿ ಮಾಡಿಕೊಡುತ್ತದೆ, ಆದರೆ ಕೈಯಲ್ಲಿ ಚುಕ್ಕಿ ಇಡುವಾಗ ಒಂದೊಂದು ಫ್ರೇಮನ್ನೂ ನೋಡಲೇಬೇಕಾಗುತ್ತದೆ.

ಚುಕ್ಕಿಗಳಲ್ಲಿ ಎರಡು ವಿಷಯ ಹುಡುಕಿ. ಮೊದಲನೆಯದು, ತಲೆ ಹೊರಟ ಮೊದಲ ಎರಡು ಮೂರು ಫ್ರೇಮ್‌ನಲ್ಲಿ ತುದಿಯ ಚುಕ್ಕಿ ಹೆಚ್ಚುಕಮ್ಮಿ ಒಂದರ ಮೇಲೊಂದು ಬಿದ್ದಿರಬೇಕು. ತುದಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅಂತ ಅರ್ಥ. 1ರಿಂದ 3ರ ನಡುವೆ ಚುಕ್ಕಿ ತಲೆಯ ಜೊತೆಗೇ ಇಳಿದಿದ್ದರೆ ಡ್ರ್ಯಾಗ್ ಸಾಲದು, 5ನೇ ಫ್ರೇಮಿನ +4 ಅನ್ನು ಹೆಚ್ಚಿಸಿ, ಬೇಕಾದರೆ ಒಂದು ಫ್ರೇಮ್ ಮುಂಚೆಯೇ ತನ್ನಿ. ಎರಡನೆಯದು, ಚುಕ್ಕಿಗಳನ್ನು ಸೇರಿಸಿದರೆ ದುಂಡಗಿನ ತಿರುವುಗಳು ಬರಬೇಕು, ಎಲ್ಲೂ ಮುರಿದ ಮೂಲೆ ಇರಬಾರದು. 23ರ ಏಟಿನ ಹತ್ತಿರ ಮಾತ್ರ ಚೂಪು ತಿರುವು ಬಂದರೆ ತಪ್ಪಿಲ್ಲ, ಚಾಟಿಯ ತುದಿಯೂ ಹಾಗೇ ತಿರುಗುವುದು.

ಆಮೇಲೆ ಚುಕ್ಕಿ ಬಿಟ್ಟು ಆಕಾರ ನೋಡಿ. 27ರಲ್ಲಿ ನಿಲ್ಲಿಸಿ. ಬುಡ ಆಗಲೇ ಹಿಂದಕ್ಕೆ ಬಿದ್ದಿದೆ, ತುದಿ ಇನ್ನೂ ಮೇಲೇ ನೋಡುತ್ತಿದೆ. ಕಿವಿ ಮಲಗಿದ S ಆಕಾರದಲ್ಲಿ ಇರಬೇಕು. ಎರಡು ಬಾಗುಗಳ ನಡುವೆ ಈ S ಒಂದು ಫ್ರೇಮಾದರೂ ಸಿಗಲೇಬೇಕು. ಒಂದು ಕಡೆ ಬಾಗಿದ ಕಿವಿ S ಹಾದುಹೋಗದೆ ಇನ್ನೊಂದು ಕಡೆಗೆ ಬಾಗಿದ್ದರೆ, ನಡುವೆ ಎಲ್ಲೋ ನೇರ ಕಡ್ಡಿಯಾಗಿದೆ ಅಂತ ಅರ್ಥ.

ಸರಿಸುವುದು ಒಂದು ಯಂತ್ರದ ಕೆಲಸ. ಅದು 80 ಭಾಗ ಸರಿಮಾಡಿ ಕೊಡುತ್ತದೆ. 32ನೇ ಫ್ರೇಮಿನ ಸುಮಾರಿಗೆ ಕಿವಿ ಬೆನ್ನೊಳಗೆ ತೂರುತ್ತಿದೆಯಾ ನೋಡಿ, ಯಾಕೆಂದರೆ ತುದಿ ತೀರಾ ಕೆಳಗೆ ಬರುವುದು ಆಗ. ತೂರಿದರೆ ತುದಿಯ ಬೋನ್‌ನ ಆ ಒಂದು ಕೀಯನ್ನು ಕೈಯಲ್ಲೇ ಎತ್ತಿ. ಬೆನ್ನಿಗೆ ತಾಗಿದ ಕಿವಿ ಅಲ್ಲೇ ಚಪ್ಪಟೆಯಾಗಿ ನಿಂತರೆ ಇನ್ನೂ ಚೆನ್ನ.

ಜಡೆಗೆ ಏನು ಬದಲಾಗುತ್ತದೆ

ಜಡೆ ಕಿವಿಯಂತಲ್ಲ. ಕಿವಿಗೆ ತನ್ನದೇ ಬಿಗಿ ಇದೆ, ಅದು ಆಕಾರಕ್ಕೆ ವಾಪಸ್ ಬರುತ್ತದೆ. ಜಡೆಗೆ ಬಿಗಿ ಇಲ್ಲ, ಅದನ್ನು ವಾಪಸ್ ತರುವುದು ಭೂಮಿಯ ಸೆಳೆತ. ಹಾಗಾಗಿ ಓಲಾಟದ ಸಮಯವನ್ನು ನೀವು ಊಹಿಸಬೇಕಾಗಿಲ್ಲ, ಉದ್ದವೇ ತೀರ್ಮಾನಿಸುತ್ತದೆ. 40 ಸೆಂಟಿಮೀಟರ್ ಜಡೆ ಹೋಗಿ ಬರಲು ಸುಮಾರು ಒಂದು ಸೆಕೆಂಡು, ಅಂದರೆ 24 ಫ್ರೇಮ್. ಉದ್ದ ಕಾಲು ಭಾಗವಾದರೆ ಸಮಯ ಅರ್ಧವಾಗುತ್ತದೆ. 10 ಸೆಂಟಿಮೀಟರ್ ಚೋಟುಜಡೆಗೆ 12 ಫ್ರೇಮ್ ಸಾಕು. ಉದ್ದ ಜಡೆಯನ್ನು 10 ಫ್ರೇಮ್‌ನಲ್ಲಿ ಓಲಾಡಿಸಿದರೆ ಪಾತ್ರ ಬೊಂಬೆಯಷ್ಟು ಚಿಕ್ಕದಾಗಿ ಕಾಣುತ್ತದೆ. ತುದಿಗೆ ಕುಚ್ಚು ಕಟ್ಟಿದ್ದರೆ ತೂಕ ಕೆಳಗಿಳಿದು ಸಮಯ ಇನ್ನೊಂಚೂರು ಹೆಚ್ಚುತ್ತದೆ.

ಪಾತ್ರ 8 ಫ್ರೇಮ್‌ನಲ್ಲಿ ಥಟ್ಟನೆ ತಲೆ ತಿರುಗಿಸಿತು ಅಂತಿಟ್ಟುಕೊಳ್ಳಿ. ಮೊದಲ ಎರಡು ಫ್ರೇಮ್ ಜಡೆ ಅಲ್ಲಾಡುವುದೇ ಇಲ್ಲ. ಆಮೇಲೆ ಕತ್ತಿನ ಸುತ್ತ ಎಳೆದುಕೊಂಡು ಬರುತ್ತದೆ. ತಲೆ ನಿಂತಾಗ ಜಡೆಯ ತುದಿ ಅರ್ಧ ದಾರಿಯಲ್ಲಿದೆ. ದಾಟಿ ಹೋಗಿ, ಭುಜಕ್ಕೆ ಬಡಿದು, ಅಲ್ಲಿಂದ ವಾಪಸ್ ಬರುತ್ತದೆ. ಬಡಿದ ಕಡೆ ಓಲಾಟದ ಕರ್ವ್ ಕತ್ತರಿಸಿದ ಹಾಗೆ ನಿಲ್ಲಲಿ. ಭುಜ ಇದೆ ಅನ್ನುವುದನ್ನು ಮರೆತ ಜಡೆಗಳೇ ಜಾಸ್ತಿ.

ಬಿಚ್ಚುಗೂದಲಾದರೆ ಮೂರು ನಾಲ್ಕು ಗೊಂಚಲು ಮಾಡಿ, ಒಂದೊಂದಕ್ಕೂ ಒಂದೆರಡು ಫ್ರೇಮ್ ವ್ಯತ್ಯಾಸ ಕೊಡಿ. ಎಳೆ ಎಳೆಯಾಗಿ ಕೀ ಹಾಕಲು ಹೋಗಬೇಡಿ.

ಬಟ್ಟೆ

ಬಟ್ಟೆಯನ್ನು ಬರೀ ಡ್ರ್ಯಾಗ್‌ನಿಂದ ಮಾಡಲಾಗದು, ಯಾಕೆಂದರೆ ಒಳಗಿನಿಂದ ಕಾಲು ತಳ್ಳುತ್ತಿರುತ್ತದೆ. ಲಂಗ ಹಾಕಿದ ಹುಡುಗಿ ನಡೆಯುವಾಗ ಮೊದಲು ಮಂಡಿ ಬಟ್ಟೆಯನ್ನು ಮುಂದೆ ನೂಕುತ್ತದೆ. ಆ ಜಾಗಕ್ಕೆ ತಡ ಇಲ್ಲ, ಮಂಡಿ ಹೊರಟ ಫ್ರೇಮ್‌ನಲ್ಲೇ ಬಟ್ಟೆಯೂ ಹೊರಡಬೇಕು. ತಡ ಶುರುವಾಗುವುದು ಮಂಡಿಯಿಂದ ಕೆಳಗೆ, ಅಂಚಿಗೆ ಹೋಗುತ್ತಾ. ನಿಂತಾಗ ಅಂಚು ಮುಂದೆ ಹೋಗುತ್ತದೆ, ವಾಪಸ್ ಬಂದು ಕಾಲಿಗೆ ಬಡಿದು ಅಲ್ಲೇ ಸಾಯುತ್ತದೆ. ಕಿವಿಯ ಹಾಗೆ ಮೂರು ಸಲ ಓಲಾಡಿಸಿದರೆ ಲಂಗದೊಳಗೆ ಕಾಲೇ ಇಲ್ಲ ಅನ್ನಿಸುತ್ತದೆ.

ಬಟ್ಟೆಯ ಜಾತಿಯೂ ಮುಖ್ಯ. ಜಾರ್ಜೆಟ್ ಸೆರಗು ಬಹಳ ತಡವಾಗಿ ಹೊರಡುತ್ತದೆ, ತೇಲುತ್ತಾ ಇಳಿಯುತ್ತದೆ, ಆದರೆ ದಾಟಿ ಹೋಗುವುದಿಲ್ಲ. ಗಾಳಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಆರಂಭದ ನನ್ನ ತಪ್ಪು ಕಿವಿ ಇದಕ್ಕಾದರೆ ಸರಿಹೋಗುತ್ತಿತ್ತು! ಜರಿ ಅಂಚಿನ ರೇಷ್ಮೆ ಸೆರಗು ಬೇರೆ. ತೂಕವೆಲ್ಲ ತುದಿಯಲ್ಲೇ ಇರುವುದರಿಂದ ಲೋಲಕದ ಹಾಗೆ ದಾಟಿಹೋಗಿ ವಾಪಸ್ ಬರುತ್ತದೆ. ಒಂದೇ ರಿಗ್, ಒಂದೇ ನಡಿಗೆ ಇಟ್ಟುಕೊಂಡು ಎರಡಕ್ಕೂ ಕೀ ಹಾಕಿ ನೋಡಿ. ಜಾರ್ಜೆಟ್‌ಗೆ ತಡ ಜಾಸ್ತಿ, ದಾಟು ಸೊನ್ನೆ. ರೇಷ್ಮೆಗೆ ತಡ ಕಮ್ಮಿ, ದಾಟು ಒಂದು.

ಅನುಮಾನ ಬಂದಾಗ ಫೋನಿನಲ್ಲಿ ಸ್ಲೋ ಮೋಷನ್ ತೆಗೆಯಿರಿ. 240 ಫ್ರೇಮ್‌ನಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಹತ್ತು ಪಟ್ಟು ನಿಧಾನ. ಮೊಲ ಸಿಗದಿದ್ದರೆ ಜೋಲುಕಿವಿಯ ಮೇಕೆ ಸಾಕು. ಅದು ಕಟ್ಟೆಯಿಂದ ಕೆಳಗೆ ಹಾರುವಾಗ ತೆಗೆಯಿರಿ. ಗಾಳಿಯಲ್ಲಿ ಕಿವಿ ಹೇಗೆ ಪಕ್ಕಕ್ಕೆ ತೇಲಿ ನಿಲ್ಲುತ್ತದೆ, ಗೊರಸು ನೆಲಕ್ಕೆ ತಾಗಿದ ಎಷ್ಟು ಫ್ರೇಮ್ ಆದಮೇಲೆ ತುದಿ ಕೆಳಗೆ ಬಡಿಯುತ್ತದೆ ಎಂದು ಎಣಿಸಿ. ಆ ಎಣಿಕೆಯನ್ನು ಹತ್ತರಿಂದ ಭಾಗಿಸಿದರೆ ನಿಮ್ಮ ಟೈಮ್‌ಲೈನ್‌ಗೆ ಬೇಕಾದ ಫ್ರೇಮ್ ಸಂಖ್ಯೆ ಸಿಗುತ್ತದೆ.